ಕೂತಾಗ 95, ನಡೆದಾಗ 86

ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಒಬ್ಬರು, ವಯಸ್ಸು ನಲವತ್ತರ ಆಸುಪಾಸು ಅಂದುಕೊಳ್ಳಿ. (ಇಂಥ ಹಲವರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೇನೆ.) "ಒಂದು ತಿಂಗಳಾಯ್ತು ಡಾಕ್ಟ್ರೇ. ಮೊದ್ಲು ಬುಟ್ಟಿ ಎತ್ತಿದ್ರೆ ಮಾತ್ರ ದಮ್ಮು ಬರ್ತಿತ್ತು. ಈಗ ಅಂಗಿ ಹಾಕ್ಕೊಳ್ಳೋಕೂ ದಮ್ಮು." ಒಣಕೆಮ್ಮು, ಸಣ್ಣ ಜ್ವರ. ಸ್ಟೆತಾಸ್ಕೋಪ್ ಇಟ್ಟರೆ ಎದೆಯಲ್ಲಿ ಉಸಿರಾಟ ಬಿಟ್ಟು ಬೇರೆ ಸದ್ದೇನೂ ಇಲ್ಲ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 95.

ಇಲ್ಲಿಗೇ ಬಿಟ್ಟರೆ ಕೆಟ್ಟಿತು. ವರಾಂಡದಲ್ಲಿ ಎರಡು ಸುತ್ತು ನಡೆಸಿ ನೋಡಿದರೆ 86.

ಇದು ನ್ಯುಮೋನಿಯಾ, ಕಾರಣ ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರ. ಎಚ್ಐವಿಯಿಂದ ಸಿಡಿ4 ಎಂಬ ರೋಗನಿರೋಧಕ ಬಿಳಿ ರಕ್ತಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 200ಕ್ಕಿಂತ ಕಡಿಮೆಯಾದಾಗ ಅದು ಬೆಳೆದು, ಶ್ವಾಸಕೋಶದ ಗಾಳಿಗೂಡುಗಳಲ್ಲಿ ನೊರೆಯಂಥ ಪದಾರ್ಥ ತುಂಬಿಕೊಳ್ಳುತ್ತದೆ. ಸುಮ್ನೆ ಕೂತಾಗ ರಕ್ತ ನಿಧಾನವಾಗಿ ಹರಿಯುತ್ತದೆ, ಹೇಗೋ ಆಮ್ಲಜನಕ ಹಿಡಿದುಕೊಳ್ಳುತ್ತದೆ. ನಡೆದಾಗ ಅದಕ್ಕೆ ಅಷ್ಟು ಹೊತ್ತು ಸಿಗುವುದಿಲ್ಲ.

ಎಕ್ಸ್‌ರೇಯಲ್ಲಿ ಎರಡೂ ಕಡೆ ಮಂಜು ಕವಿದಂತೆ ಕಾಣಬಹುದು, ಶುರುವಿನಲ್ಲಿ ಏನೂ ಕಾಣದೆಯೂ ಇರಬಹುದು. ಕಫ ಬರುವುದಿಲ್ಲವಾದ್ದರಿಂದ ಉಪ್ಪುನೀರಿನ ಆವಿ ಕೊಟ್ಟು ಕೆಮ್ಮಿಸಬೇಕು, ಇಲ್ಲವೇ ಬ್ರಾಂಕೋಸ್ಕೋಪಿಯಲ್ಲಿ ಶ್ವಾಸಕೋಶ ತೊಳೆದ ನೀರು ತೆಗೆಯಬೇಕು. ಅದಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ, ಅಥವಾ ಪಿಸಿಆರ್ ಮಾಡುತ್ತಾರೆ. ಈ ಶಿಲೀಂಧ್ರವನ್ನು ಮಾಮೂಲಿ ಕಲ್ಚರಿನಲ್ಲಿ ಬೆಳೆಸಲಾಗದು. ಟಿಬಿಯನ್ನೂ ಹುಡುಕಲೇಬೇಕು, ಎರಡೂ ಒಟ್ಟಿಗೇ ಇರಬಹುದು.

ಆದರೆ ರಿಪೋರ್ಟಿಗಾಗಿ ಕಾಯಬಾರದು. ಔಷಧ ಶುರುವಾದ ಮೇಲೂ ಕೆಲವು ದಿನ ಶಿಲೀಂಧ್ರ ಸಿಗುತ್ತದೆ. 50 ಕೆಜಿ ತೂಕದವರಿಗೆ ಕೋಟ್ರೈಮಾಕ್ಸಜೋಲಿನ ಡಬಲ್ ಸ್ಟ್ರೆಂತ್ ಮಾತ್ರೆ ಎರಡೆರಡು, ದಿನಕ್ಕೆ ಮೂರು ಸಲ, 21 ದಿನ. ಮೂತ್ರಪಿಂಡ ಸರಿ ಇಲ್ಲದಿದ್ದರೆ ಲೆಕ್ಕ ಬೇರೆ. ರಕ್ತದಲ್ಲಿ ಆಮ್ಲಜನಕ ತುಂಬಾ ಇಳಿದಿದ್ದರೆ ಜೊತೆಗೆ ಸ್ಟೀರಾಯ್ಡ್ ಕೂಡ ಬೇಕು. ಶಿಲೀಂಧ್ರ ಸಾಯುವಾಗ ಏಳುವ ಉರಿಯೂತವೇ ಉಸಿರನ್ನು ಇನ್ನಷ್ಟು ಕೆಡಿಸುತ್ತದೆ.

ಇನ್ನು ಎಚ್ಐವಿ ಮಾತ್ರೆ, ಅಂದರೆ ಎಆರ್‌ಟಿ. ಹಿಂದೆ ಹಲವು ವೈದ್ಯರು ಇದನ್ನು ತಡಮಾಡಿ ಶುರುಮಾಡುತ್ತಿದ್ದರು. ಮಾತ್ರೆ ಜಾಸ್ತಿಯಾಗುತ್ತದೆ, ಚೇತರಿಸುವ ರೋಗನಿರೋಧಕ ಶಕ್ತಿ ಶ್ವಾಸಕೋಶದ ಮೇಲೆ ಮುಗಿಬೀಳುತ್ತದೆ ಎಂಬ ಹೆದರಿಕೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 282 ಜನರಿದ್ದರು, ಬಹುಪಾಲಿನವರಿಗೆ ಇದೇ ನ್ಯುಮೋನಿಯಾ. ಸೋಂಕಿನ ಔಷಧ ಶುರುವಾದ ಮೇಲೆ ಒಂದು ಗುಂಪಿಗೆ ಸುಮಾರು 12ನೇ ದಿನ, ಇನ್ನೊಂದಕ್ಕೆ 45ನೇ ದಿನದ ಹೊತ್ತಿಗೆ ಎಆರ್‌ಟಿ ಶುರುವಾಯಿತು. ಸಾವು ಅಥವಾ ಹೊಸ ಏಡ್ಸ್ ಕಾಯಿಲೆ ಬೇಗ ಶುರುಮಾಡಿದವರಲ್ಲಿ 14%, ತಡಮಾಡಿದವರಲ್ಲಿ 24%. ಹಾಗಾಗಿ ಈಗ ಎರಡು ವಾರದೊಳಗೆ ಶುರು. ಮಿದುಳುಪೊರೆಯ ಟಿಬಿ ಅಥವಾ ಕ್ರಿಪ್ಟೋಕಾಕಸ್ ಸೋಂಕು ಇದ್ದರೆ ಮಾತ್ರ ಈ ಅವಸರ ಸಲ್ಲದು.

ನಮ್ಮ ಬಂದರಿನವರು ಹನ್ನೊಂದನೇ ದಿನ ಎಆರ್‌ಟಿ ಶುರುಮಾಡಿದರು. ಮೂರನೇ ವಾರ ಮತ್ತೆ ಜ್ವರ. "ಮಾತ್ರೆ ಆಗಿಬರಲಿಲ್ಲ, ಬಿಟ್ಟೆ" ಅನ್ನುವುದು ಇಂಥಾ ಹೊತ್ತಲ್ಲೇ, ಅಲ್ವಾ? ಅವರು ಬಿಡದೆ ಬಂದು ತೋರಿಸಿದರು. ವರಾಂಡದಲ್ಲಿ ಮತ್ತೆ ನಡೆಸಿದೆವು: 94.