ರೇಟ್ ಹೇಳುವ ಮೊದಲು ಏನು ಕೇಳಬೇಕು?

ಪ್ರಶ್ನೆ: ನಾನು ಫ್ರೀಲ್ಯಾನ್ಸ್ ಆಗಿ ವೆಬ್‌ಸೈಟ್ ಮಾಡಿಕೊಡುತ್ತೇನೆ. ಹೊಸ ಕ್ಲೈಂಟ್ ಮೊದಲ ಫೋನಿನಲ್ಲೇ "ಎಷ್ಟಾಗತ್ತೆ ಹೇಳಿ" ಅಂತಾರೆ. ರೇಟ್ ಹೇಳುವ ಮುಂಚೆ ಏನು ಕೇಳಬೇಕು?

ಉತ್ತರ: ಎಷ್ಟು ಪೇಜ್ ಬೇಕು ಅಂತ ಶುರು ಮಾಡಬೇಡಿ. "ಈಗ ಈ ಕೆಲಸ ಹೇಗೆ ನಡೀತಿದೆ?" ಅಂತ ಕೇಳಿ.

ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರೊಬ್ಬರು ಫೋನ್ ಮಾಡಿ, ಐದು ಪೇಜಿನ ವೆಬ್‌ಸೈಟ್ ಸಾಕು ಅಂದಿದ್ದರು. ನನ್ನ ಲೆಕ್ಕದಲ್ಲಿ ಅದು 25 ಗಂಟೆ ಕೆಲಸ, ಗಂಟೆಗೆ 800ರಂತೆ 20,000 ರೂಪಾಯಿ. ಹೇಳಲಿಲ್ಲ. "ಸರ್, ಈಗ ಯಾರಾದ್ರೂ ರೂಮ್ ಕೇಳಿದ್ರೆ ಏನು ಮಾಡ್ತೀರಿ?" ಅಂದೆ. ವಾಟ್ಸಾಪ್‌ನಲ್ಲಿ ಕೇಳ್ತಾರೆ, ಮಗ ಡೈರಿಯಲ್ಲಿ ಬರ್ಕೋತಾನೆ, ಎರಡು ಆ್ಯಪ್‌ಗಳಲ್ಲೂ ಬುಕಿಂಗ್ ಬರತ್ತೆ, ಹೋದ ತಿಂಗಳು ಒಂದೇ ರೂಮಿಗೆ ಎರಡು ಫ್ಯಾಮಿಲಿ ಬಂದು ನಿಂತಿದ್ದರು ಅಂದರು. ಅವರಿಗೆ ನಿಜವಾಗಿ ಬೇಕಿದ್ದದ್ದು ಎಲ್ಲ ಬುಕಿಂಗ್ ಒಂದೇ ಕಡೆ ಕಾಣುವ ಕ್ಯಾಲೆಂಡರ್. ಆ್ಯಪ್‌ಗಳು ಕೊಡುವ iCal ಲಿಂಕ್‌ನಿಂದ ಅದನ್ನು ಜೋಡಿಸಬಹುದು, ಆದರೆ ಅದು ತಕ್ಷಣ ಅಪ್‌ಡೇಟ್ ಆಗುವುದಿಲ್ಲ, ಕೆಲವು ಗಂಟೆ ತಡವಾಗಬಹುದು. ಇದನ್ನು ಫೋನಿನಲ್ಲೇ ಹೇಳಿಬಿಟ್ಟೆ. ಜೋಡಿಸಿ ಟೆಸ್ಟ್ ಮಾಡಲು 12 ಗಂಟೆ ಜಾಸ್ತಿ.

ಆಮೇಲೆ ಕೇಳಿದ್ದು, "ಫೋಟೋ, ಬರಹ ಯಾರು ಕೊಡ್ತಾರೆ?" ಎಲ್ಲಾ ಇದೆ ಅಂದರು. "ಎರಡು ಫೋಟೋ ಈಗಲೇ ಕಳಿಸ್ತೀರಾ?" ಅಂದೆ. ವಾಟ್ಸಾಪ್‌ನಲ್ಲಿ ಹತ್ತಾರು ಕೈ ದಾಟಿ ಬಂದ, ದೊಡ್ಡದು ಮಾಡಿದರೆ ಮಸುಕಾಗುವ ಫೋಟೋ ಬಂದವು. ಬರಹ ಒಂದು ಸಾಲೂ ಇರಲಿಲ್ಲ. ಬರೆಯುವುದಕ್ಕೆ ಇನ್ನೂ 8 ಗಂಟೆ ಸೇರಿತು. ಒಟ್ಟು 45 ಗಂಟೆ, ಅಂದರೆ 36,000 ರೂಪಾಯಿ, ಫೋಟೋ ತೆಗೆಸುವ ಖರ್ಚು ಬೇರೆ. ಮೊದಲೇ 20,000 ಅಂದುಬಿಟ್ಟಿದ್ದರೆ ಉಳಿದ 20 ಗಂಟೆ ಸುಮ್ನೆ ದುಡಿಯಬೇಕಿತ್ತು, ಅಲ್ವಾ?

"ಕೊನೆಗೆ ಓಕೆ ಹೇಳೋರು ಯಾರು?" ಅಂತಲೂ ಕೇಳಿ. ಇಲ್ಲಿ ಮಗ, ಜೊತೆಗೆ ಬೆಂಗಳೂರಿನಲ್ಲಿರುವ ಅಳಿಯ. ಇಬ್ಬರ ಅಭಿಪ್ರಾಯ ಬೇರೆಬೇರೆ ಬಂದರೆ ಡಿಸೈನ್ ಮತ್ತೆಮತ್ತೆ ಬದಲಾಗುತ್ತದೆ, ಹಾಗಾಗಿ ಎರಡು ಸಲದ ತಿದ್ದುಪಡಿ ಮಾತ್ರ ಅಂತ ಕೊಟೇಶನ್‌ನಲ್ಲಿ ಬರೆದೆ. ಯಾವಾಗ ಬೇಕು ಅನ್ನುವುದಕ್ಕಿಂತ ಆ ದಿನವೇ ಯಾಕೆ ಅಂತ ಕೇಳುವುದು ಮುಖ್ಯ. ಇವರಿಗೆ ದಸರಾ ರಜೆಗೆ ಮುಂಚೆ ಬುಕಿಂಗ್ ಶುರುವಾಗಬೇಕಿತ್ತು, ಅಂದರೆ ತಡವಾದರೆ ನಿಜಕ್ಕೂ ನಷ್ಟ.

ಬಜೆಟ್ ಕೇಳಲು ಸಂಕೋಚ ಬೇಡ, ಆದರೆ ಕೊನೆಯಲ್ಲಿ ಕೇಳಿ. "ಎಷ್ಟಿದೆ?" ಅಂದರೆ ಯಾರೂ ಹೇಳುವುದಿಲ್ಲ. "ಇಂಥ ಕೆಲಸ 30ರಿಂದ 40 ಸಾವಿರದವರೆಗೆ ಹೋಗತ್ತೆ, ನಿಮಗೆ ಆಗತ್ತಾ?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೋಟೋ ಮಗನೇ ತೆಗೀತಾನೆ, ಉಳಿದಿದ್ದಕ್ಕೆ ಲೆಕ್ಕ ಕಳ್ಸಿ" ಅಂದರು. ಅವತ್ತೇ ರಾತ್ರಿ ಏನು ಸೇರಿದೆ, ಏನು ಸೇರಿಲ್ಲ ಅಂತ ಬರೆದು ಕಳಿಸಿದೆ.