ರೆಸಾರ್ಟ್‌ನಲ್ಲಿ ಆದದ್ದು ಆಫೀಸಿನ ವಿಷಯ ಹೇಗಾಗುತ್ತದೆ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. 2025ರ ನವೆಂಬರ್ 22, ಶನಿವಾರ ನಮ್ಮ ಟೀಮ್ ಸಕಲೇಶಪುರದ ಹತ್ತಿರದ ರೆಸಾರ್ಟ್‌ಗೆ ಔಟಿಂಗ್ ಹೋಗಿತ್ತು. ರಾತ್ರಿ ಡಿಜೆ ಇತ್ತು. ಕುಣಿಯುವ ನೆಪದಲ್ಲಿ ಮ್ಯಾನೇಜರ್ ಎರಡು ಸಲ ನನ್ನ ಸೊಂಟಕ್ಕೆ ಕೈ ಹಾಕಿದರು. ಕೈ ತಳ್ಳಿ ದೂರ ಹೋದೆ. ರಾತ್ರಿ 12:40ಕ್ಕೆ "ರೂಮಿಗೆ ಬಾ, ಅಪ್ರೈಸಲ್ ಬಗ್ಗೆ ಮಾತಾಡೋಣ" ಎಂದು ವಾಟ್ಸಾಪ್ ಮೆಸೇಜ್ ಬಂತು. ನಾನು ಹೋಗಲಿಲ್ಲ. ಎಚ್‌ಆರ್ ಹತ್ತಿರ ಹೇಳಿಕೊಂಡರೆ, "ರಜೆ ದಿನ, ಆಫೀಸಿನ ಹೊರಗೆ, ಬರಲೇಬೇಕು ಅಂತ ಯಾರೂ ಹೇಳಿರಲಿಲ್ಲ, ಎಲ್ಲರೂ ಕುಡಿದಿದ್ದರು. ಇದು ನಿಮ್ಮಿಬ್ಬರ ಪರ್ಸನಲ್ ವಿಷಯ" ಅಂದರು. ಅವರು ಹೇಳಿದ್ದು ಸರಿಯಾ?

ಉತ್ತರ: ಸರಿಯಲ್ಲ. ಮೊದಲಿಗೆ ಇಷ್ಟನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಲೈಂಗಿಕ ಕಿರುಕುಳದ ದೂರು ವಿಚಾರಿಸಲು ಕಂಪನಿಗಳಲ್ಲಿ ಆಂತರಿಕ ಸಮಿತಿ ಇರುತ್ತದೆ; ಅಂಥ ಕೆಲವು ಸಮಿತಿಗಳಲ್ಲಿ ನಾನು ಹೊರಗಿನ ಸದಸ್ಯೆಯಾಗಿ ಕೂರುತ್ತೇನೆ. ಊರು, ದಿನಾಂಕ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಚ್‌ಆರ್ ಕೊಡುವ ಆ ನಾಲ್ಕು ಕಾರಣಗಳೂ ಹೆಚ್ಚುಕಡಿಮೆ ಇವೇ ಇರುತ್ತವೆ.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ಎಲ್ಲರೂ ಪೋಶ್ ಕಾಯ್ದೆ ಅಂತಲೇ ಕರೆಯುತ್ತಾರೆ. 'ಕೆಲಸದ ಸ್ಥಳ' ಅಂದರೆ ಏನು ಅನ್ನುವುದನ್ನು ಅದರ 2ನೇ ಸೆಕ್ಷನ್ ಹೇಳುತ್ತದೆ. ಅಲ್ಲಿರುವುದು ನಾಲ್ಕು ಗೋಡೆಯ ಆಫೀಸು ಮಾತ್ರವಲ್ಲ. ಕೆಲಸದ ಕಾರಣಕ್ಕೆ ಅಥವಾ ಕೆಲಸದ ವೇಳೆಯಲ್ಲಿ ನೌಕರರು ಹೋಗುವ ಯಾವುದೇ ಜಾಗ ಅದರಲ್ಲಿ ಬರುತ್ತದೆ. ಅಲ್ಲಿಗೆ ಹೋಗಲು ಕಂಪನಿ ಕೊಟ್ಟ ವಾಹನವೂ ಬರುತ್ತದೆ. ಅಂದರೆ ನಿಮ್ಮ ರೆಸಾರ್ಟ್ ಅಷ್ಟೇ ಅಲ್ಲ, ಬೆಳಿಗ್ಗೆ ನೀವು ಹತ್ತಿದ ಬಸ್ಸೂ ಕಾಯ್ದೆಯ ಕಣ್ಣಲ್ಲಿ ಕೆಲಸದ ಸ್ಥಳವೇ. ಗಡಿಯಾರದಲ್ಲಿ ಆರು ಗಂಟೆ ದಾಟಿದರೆ ಕಾಯ್ದೆ ಅನ್ವಯಿಸುವುದಿಲ್ಲ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ.

ಈ ಕಾಯ್ದೆ ಬರುವುದಕ್ಕೆ ಮುಂಚೆಯೇ ಕೋರ್ಟುಗಳು ಈ ದಾರಿಯಲ್ಲಿ ನಡೆದಿದ್ದವು. 1988ರಲ್ಲಿ ಉಡುಪು ರಫ್ತು ಉತ್ತೇಜನ ಮಂಡಳಿಯ ಒಬ್ಬ ಟೈಪಿಸ್ಟ್ ಹುಡುಗಿಯನ್ನು, ಅಧ್ಯಕ್ಷರ ಡಿಕ್ಟೇಶನ್ ತೆಗೆದುಕೊಳ್ಳಬೇಕು ಎಂದು ದೆಹಲಿಯ ಒಂದು ಹೋಟೆಲ್‌ಗೆ ಅಧ್ಯಕ್ಷರ ಆಪ್ತ ಕಾರ್ಯದರ್ಶಿ ಕರೆದುಕೊಂಡು ಹೋದ. ಅಲ್ಲಿ ಅವಳ ಜೊತೆ ಕೆಟ್ಟದಾಗಿ ನಡೆದುಕೊಂಡ. ಮಂಡಳಿ ಅವನನ್ನು ಕೆಲಸದಿಂದ ತೆಗೆಯಿತು. ಅವನು ಮೈ ಮುಟ್ಟಲು ಪ್ರಯತ್ನಿಸಿದ್ದ ಅಷ್ಟೇ, ಮುಟ್ಟಿಲ್ಲವಲ್ಲ ಎಂಬ ನೆಲೆಯಲ್ಲಿ ಹೈಕೋರ್ಟ್ ಅವನ ಪರ ನಿಂತಿತು. 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಕೆಲಸದಿಂದ ತೆಗೆದದ್ದೇ ಸರಿ ಎಂದಿತು. ನಡೆದದ್ದು ಹೋಟೆಲ್‌ನಲ್ಲಿ. ಶಿಕ್ಷೆ ಆದದ್ದು ಕೆಲಸದಲ್ಲಿ.

ಇನ್ನೊಂದು ತೀರ್ಪು 2008ರದ್ದು, ದೆಹಲಿ ಹೈಕೋರ್ಟಿನದು. ಅಧಿಕಾರಿಗಳು ತಂಗುವ ಮೆಸ್‌ನಲ್ಲಿ ನಡೆದ ಘಟನೆ ಅದು. ಮೆಸ್ ಆಫೀಸಲ್ಲ ಎಂಬ ವಾದ ಬಂತು. ಕೋರ್ಟ್ ಒಪ್ಪಲಿಲ್ಲ. ಆ ಜಾಗ ಕೆಲಸದ ಜಾಗಕ್ಕೆ ಎಷ್ಟು ಹತ್ತಿರ, ಅದರ ಮೇಲೆ ಆಡಳಿತದ ಹಿಡಿತ ಎಷ್ಟು, ಅದು ಕೆಲಸದ ಜಾಗದ ಮುಂದುವರಿಕೆಯಂತೆ ಇದೆಯಾ ಎಂದು ನೋಡಬೇಕು ಅಂದಿತು. ಸಮಿತಿಯಲ್ಲಿ ಕೂತಾಗ ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ, ಅದರಲ್ಲೂ 'ಹಿಡಿತ' ಅನ್ನುವ ಮಾತು.

ನಿಮ್ಮ ಔಟಿಂಗ್‌ಗೆ ಇದನ್ನು ಹಚ್ಚಿ ನೋಡೋಣ. ಬನ್ನಿ ಎಂದು ಮೇಲ್ ಕಳಿಸಿದ್ದು ಯಾರು? ರೆಸಾರ್ಟ್ ಬಿಲ್ ಯಾರ ಹೆಸರಲ್ಲಿದೆ? ಬಸ್ ಬುಕ್ ಮಾಡಿದ್ದು ಯಾರು? ಯಾರಿಗೆ ಯಾವ ರೂಮ್ ಎಂದು ಪಟ್ಟಿ ಮಾಡಿದ್ದು ಯಾರು? ಇವಕ್ಕೆಲ್ಲ ಉತ್ತರ 'ಕಂಪನಿ' ಎಂದಾದರೆ, ಅಲ್ಲಿ ಇದ್ದವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವುದೇ ಕೆಲಸದಿಂದ ಎಂದಾದರೆ, ಅದು ಪರ್ಸನಲ್ ಪ್ರವಾಸ ಹೇಗಾಗುತ್ತದೆ? ನಾನು ನೋಡಿದ ಒಂದು ದೂರಿನಲ್ಲಿ ಮ್ಯಾನೇಜರ್ "ನಾವು ಸುಮ್ನೆ ಫ್ರೆಂಡ್ಸ್ ಆಗಿ ಹೋಗಿದ್ದೆವು" ಎಂದೇ ವಾದಿಸುತ್ತಿದ್ದರು. ಅಡ್ಮಿನ್‌ನವರು ಮಾಡಿದ್ದ ಒಂದು ಎಕ್ಸೆಲ್ ಹಾಳೆ ಸಮಿತಿಯ ಮುಂದೆ ಬಂತು. ಬಸ್ಸಿನ ಸೀಟು, ಊಟ ವೆಜ್ಜಾ ನಾನ್‌ವೆಜ್ಜಾ, ರೂಮ್ ನಂಬರ್, ಪಕ್ಕದ ಕಾಲಂನಲ್ಲಿ ಎಂಪ್ಲಾಯಿ ಐಡಿ. ಆ ಕೊನೆಯ ಕಾಲಂ ನೋಡಿದ ಮೇಲೆ 'ಫ್ರೆಂಡ್ಸ್' ಎಂಬ ಮಾತು ಮತ್ತೆ ಬರಲಿಲ್ಲ.

ಇನ್ನು "ಬರಲೇಬೇಕು ಅಂತ ಹೇಳಿರಲಿಲ್ಲ" ಎಂಬ ಮಾತು. ಕಾಯ್ದೆ ಕೇಳುವುದು ಕೆಲಸಕ್ಕೂ ಆ ಜಾಗಕ್ಕೂ ಸಂಬಂಧ ಇದೆಯಾ ಎಂದು. ಕಡ್ಡಾಯವಾಗಿತ್ತಾ ಎಂದು ಅದು ಕೇಳುವುದಿಲ್ಲ. ಅಲ್ಲದೆ ಟೀಮ್ ಔಟಿಂಗ್‌ಗೆ ಬರಲ್ಲ ಎಂದವರನ್ನು 'ಟೀಮಿಗೆ ಹೊಂದಿಕೊಳ್ಳಲ್ಲ' ಎಂದು ಗುರುತಿಟ್ಟುಕೊಳ್ಳುವುದು ನಮಗೆಲ್ಲ ಗೊತ್ತಿರುವುದೇ ಅಲ್ವಾ?

ಕುಡಿತದ ಮಾತೂ ಅಷ್ಟೇ. ಸಮಿತಿ ನೋಡುವುದು ಆ ನಡವಳಿಕೆ ನಿಮಗೆ ಬೇಡವಾಗಿತ್ತಾ ಎಂಬುದನ್ನು. ನೀವು ಕೈ ತಳ್ಳಿ ದೂರ ಹೋದಿರಿ. ರೂಮಿಗೆ ಹೋಗಲಿಲ್ಲ. ಬೇಡ ಅನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು? ನೀವು ಒಂದು ಗ್ಲಾಸ್ ವೈನ್ ಕುಡಿದಿದ್ದರೆ ಅದು ಅವರಿಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಅವರು ಕುಡಿದಿದ್ದರೆ ಅದು ಅವರಿಗೆ ರಕ್ಷಣೆಯೂ ಅಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ 12:40ರ ಮೆಸೇಜ್. ಅದರಲ್ಲಿ 'ಅಪ್ರೈಸಲ್' ಎಂಬ ಪದ ಇದೆ. ಕೆಲಸದಲ್ಲಿ ಅನುಕೂಲ ಮಾಡಿಕೊಡುವ ಆಸೆ ತೋರಿಸುವುದು, ಇಲ್ಲದಿದ್ದರೆ ತೊಂದರೆ ಆಗಬಹುದು ಎಂದು ಸೂಚಿಸುವುದು, ಇವೆರಡನ್ನೂ ಕಾಯ್ದೆಯ 3ನೇ ಸೆಕ್ಷನ್ ಬೇರೆಯಾಗಿಯೇ ಹೆಸರಿಸುತ್ತದೆ. ಬಾಯಿಬಿಟ್ಟು ಹೇಳಬೇಕಾಗಿಲ್ಲ, ಸೂಚನೆ ಸಾಕು. ರಾತ್ರಿ ಹನ್ನೆರಡೂ ಮುಕ್ಕಾಲರ ಹೊತ್ತಿಗೆ ರೂಮಿಗೆ ಕರೆಯಲು ಅವರು ಬಳಸಿದ್ದು ನಿಮ್ಮ ಕೆಲಸವನ್ನೇ. ಆ ಮೆಸೇಜ್ ಡಿಲೀಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ತೆಗೆಯುವಾಗ ನಂಬರ್, ದಿನಾಂಕ, ಸಮಯ ಕಾಣುವಂತೆ ನೋಡಿಕೊಳ್ಳಿ. ಮೂಲ ಚಾಟ್ ಫೋನಿನಲ್ಲೇ ಇರಲಿ.

ಅನುಮಾನಕ್ಕೆ ಜಾಗ ಇರುವ ಪ್ರಸಂಗಗಳೂ ಇವೆ. ಔಟಿಂಗ್ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ನಾಲ್ಕು ಜನ ತಮ್ಮ ದುಡ್ಡಲ್ಲಿ ಪಬ್‌ಗೆ ಹೋದರು, ಅಲ್ಲಿಂದ ಒಬ್ಬರ ಫ್ಲಾಟ್‌ಗೆ ಹೋದರು ಅಂದುಕೊಳ್ಳಿ. ಕಂಪನಿ ಕರೆದಿಲ್ಲ, ದುಡ್ಡು ಕೊಟ್ಟಿಲ್ಲ. ಆಗ ಸಮಿತಿ ಹೆಚ್ಚು ಎಚ್ಚರದಿಂದ ನೋಡುತ್ತದೆ. ಅಲ್ಲಿದ್ದವರಲ್ಲಿ ಒಬ್ಬರು ಇನ್ನೊಬ್ಬರ ಮೇಲಧಿಕಾರಿಯಾ, ಮಾತು ಕೆಲಸದ ಸುತ್ತ ಇತ್ತಾ, ಸೋಮವಾರ ಆಫೀಸಿನಲ್ಲಿ ಅದರ ಪರಿಣಾಮ ಏನಾಯಿತು ಎಂಬುದೆಲ್ಲ ಮುಖ್ಯವಾಗುತ್ತದೆ. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಮಿತಿ ಹೇಳಿದರೂ ಪೊಲೀಸ್ ದೂರಿನ ದಾರಿ ಮುಚ್ಚುವುದಿಲ್ಲ. ಆದರೆ ನಿಮ್ಮ ಪ್ರಸಂಗ ಇಂಥ ಅನುಮಾನದ್ದಲ್ಲ.

ಈಗ ನಿಜವಾದ ಅಪಾಯದ ವಿಷಯಕ್ಕೆ ಬರುತ್ತೇನೆ. ಅದು ಜಾಗದ್ದಲ್ಲ, ದಿನದ್ದು. ಘಟನೆ ನಡೆದ ದಿನದಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಘಟನೆಗಳು ಸರಣಿಯಾಗಿ ನಡೆದಿದ್ದರೆ ಕೊನೆಯದರಿಂದ ಎಣಿಸುತ್ತಾರೆ. ಸರಿಯಾದ ಕಾರಣ ಇದ್ದರೆ ಸಮಿತಿ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳು ಕೊಡಬಹುದು. ಅದಕ್ಕಿಂತ ಮುಂದೆ ಇಲ್ಲ. ವಿಶ್ವವಿದ್ಯಾಲಯವೊಂದರ ಕುಲಪತಿಯ ಮೇಲಿನ ದೂರಿನಲ್ಲಿ ಇದು ಎಷ್ಟು ಕಠೋರ ಎಂದು ಗೊತ್ತಾಯಿತು. ಅಲ್ಲಿ ಕೊನೆಯ ಘಟನೆ 2023ರ ಏಪ್ರಿಲ್‌ನದು ಎಂದು ಲೆಕ್ಕ ಹಾಕಿದರು. ದೂರು ಕೊಟ್ಟದ್ದು ಡಿಸೆಂಬರ್‌ನಲ್ಲಿ. ಅವಧಿ ಮೀರಿದೆ ಎಂಬ ಕಾರಣಕ್ಕೆ 2025ರಲ್ಲಿ ಸುಪ್ರೀಂ ಕೋರ್ಟ್ ಆ ದೂರನ್ನು ಉಳಿಸಲಿಲ್ಲ.

ಎಷ್ಟೋ ಹೆಣ್ಣುಮಕ್ಕಳು ಎಡವುವುದು ಇಲ್ಲೇ. ಎಚ್‌ಆರ್ ಹತ್ತಿರ ಹೇಳಿದ್ದೇನೆ, ದೂರು ಆಯಿತು ಅಂದುಕೊಳ್ಳುತ್ತಾರೆ. ಎಚ್‌ಆರ್ "ನೋಡೋಣ, ಅವರ ಜೊತೆ ಮಾತಾಡುತ್ತೇನೆ" ಅನ್ನುತ್ತದೆ. ಎರಡು ತಿಂಗಳು ಹಾಗೇ ಹೋಗುತ್ತದೆ. ಬಾಯಿಮಾತು ದೂರಲ್ಲ. ಇದು ಪರ್ಸನಲ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರವೂ ಎಚ್‌ಆರ್‌ಗೆ ಇಲ್ಲ. ಅದು ಆಂತರಿಕ ಸಮಿತಿಯ ಕೆಲಸ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಈ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಂಪನಿಯಾದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು.

ದೂರನ್ನು ಉದ್ದಕ್ಕೆ ಬರೆಯಬೇಕಾಗಿಲ್ಲ. ಔಟಿಂಗ್ ಕಂಪನಿಯದು ಎಂದು ತೋರಿಸುವ ಎರಡು ವಾಕ್ಯದಿಂದ ಶುರು ಮಾಡಿ. ಮೇಲ್ ಬಂದ ದಿನಾಂಕ, ಬಸ್ ಹೊರಟ ಜಾಗ, ರೆಸಾರ್ಟ್ ಹೆಸರು. ಆಮೇಲೆ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಿರಿ. 'ಅಸಭ್ಯವಾಗಿ ವರ್ತಿಸಿದರು' ಎಂದಷ್ಟೇ ಬರೆದು ನಿಲ್ಲಿಸಬೇಡಿ. ಯಾವ ಕೈ, ಎಲ್ಲಿ ಮುಟ್ಟಿದರು, ನೀವು ಏನು ಮಾಡಿದಿರಿ, ಹತ್ತಿರ ಯಾರು ನಿಂತಿದ್ದರು. ಬರೆಯುವಾಗ ಮುಜುಗರ ಆಗುತ್ತದೆ, ನನಗೆ ಗೊತ್ತು. ಆದರೂ ಆ ವಿವರವೇ ಮುಂದೆ ನಿಮ್ಮನ್ನು ಕಾಯುತ್ತದೆ. ಜೊತೆಗೆ ಮೆಸೇಜಿನ ಪ್ರತಿ ಮತ್ತು ಸಾಕ್ಷಿಗಳ ಹೆಸರು ಕೊಡಿ. ಆ ರಾತ್ರಿ ನೀವು ಯಾರ ಹತ್ತಿರವಾದರೂ ಅತ್ತುಕೊಂಡು ಹೇಳಿದ್ದರೆ, ಅವರು ಕಣ್ಣಾರೆ ನೋಡಿರದಿದ್ದರೂ, ಅವರ ಹೆಸರೂ ಇರಲಿ. ನಿಯಮದ ಪ್ರಕಾರ ದೂರಿನ ಆರು ಪ್ರತಿ ಕೊಡಬೇಕು.

ಅದೇ ದಿನ ಇನ್ನೊಂದು ಕೆಲಸ ಮಾಡಿ. ರೆಸಾರ್ಟ್‌ನ ಸಿಸಿಟಿವಿ ದೃಶ್ಯ ಉಳಿಸಿಡಲು ಹೇಳಿ ಎಂದು ಸಮಿತಿಗೆ ಬರವಣಿಗೆಯಲ್ಲಿ ಕೇಳಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಅಳಿಸಿಹೋಗುತ್ತದೆ, ಒಮ್ಮೆ ಹೋದರೆ ಸಿಗುವುದಿಲ್ಲ. ದಾಖಲೆ ತರಿಸಿಕೊಳ್ಳುವ, ಸಾಕ್ಷಿಗಳನ್ನು ಕರೆಸುವ ವಿಷಯದಲ್ಲಿ ಸಮಿತಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅಪ್ರೈಸಲ್ ಅದೇ ಮ್ಯಾನೇಜರ್ ಕೈಯಲ್ಲಿದ್ದರೆ, ವಿಚಾರಣೆ ಮುಗಿಯುವವರೆಗೆ ಅದನ್ನು ಬೇರೆಯವರಿಗೆ ವಹಿಸಿ ಎಂದೂ ಕೇಳಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

"ಸಾಬೀತಾಗದಿದ್ದರೆ ನಿನ್ನ ಮೇಲೇ ಕ್ರಮ ಆಗುತ್ತೆ" ಎಂದು ಯಾರಾದರೂ ಹೆದರಿಸಬಹುದು. ದೂರನ್ನು ಸಾಬೀತು ಮಾಡಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಕ್ರಮ ಕೈಗೊಳ್ಳುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಕ್ರಮ ಆಗಬೇಕಾದರೆ ದುರುದ್ದೇಶದಿಂದ ಅಥವಾ ಸುಳ್ಳೆಂದು ಗೊತ್ತಿದ್ದೇ ಕೊಟ್ಟ ದೂರು ಎಂದು ಬೇರೆ ವಿಚಾರಣೆಯಲ್ಲಿ ತೋರಿಸಬೇಕು.

ನಿಮ್ಮ ಲೆಕ್ಕ ಹೀಗಿದೆ. ನವೆಂಬರ್ 22ರಿಂದ ಮೂರು ತಿಂಗಳು ಅಂದರೆ 2026ರ ಫೆಬ್ರವರಿ 22. ಅವತ್ತು ಭಾನುವಾರ. ಆ ದಿನದವರೆಗೆ ಕಾಯಬೇಡಿ. ಶುಕ್ರವಾರ 20ನೇ ತಾರೀಕಿನೊಳಗೆ ದೂರನ್ನು ಸಮಿತಿಯ ಅಧ್ಯಕ್ಷೆಗೆ ಮೇಲ್ ಮಾಡಿ, ಕಾಗದದ ಪ್ರತಿಗಳನ್ನು ಕೈಗೆ ಕೊಡಿ, ಒಂದು ಪ್ರತಿಯ ಮೇಲೆ ತಲುಪಿದ ದಿನಾಂಕ ಹಾಕಿ ಸಹಿ ಮಾಡಿಸಿಕೊಂಡು ಮನೆಯಲ್ಲಿಟ್ಟುಕೊಳ್ಳಿ.