ತಾರಸಿಯ ಕೋಲು ಹೇಳಿದ ಮಧ್ಯಾಹ್ನ: ಬೆಂಗಳೂರು ಅರಬ್ಬೀ ಸಮುದ್ರಕ್ಕೆ ಬಿದ್ದದ್ದು ಹೇಗೆ?

ಪ್ರಶ್ನೆ: ಫೆಬ್ರವರಿ ಎರಡನೆಯ ವಾರದಲ್ಲಿ ನಮ್ಮ ತಾರಸಿಯ ಮೇಲೆ ಕೋಲು ನಿಲ್ಲಿಸಿ ನೆರಳು ಅಳೆದೆ. ನೆರಳು ಅತಿ ಚಿಕ್ಕದಾದಾಗ ಮೊಬೈಲ್‌ನಲ್ಲಿ 12.34 ಆಗಿತ್ತು. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಎಂದು ಲೆಕ್ಕ ಹಾಕಿದರೆ ರೇಖಾಂಶ 74 ಡಿಗ್ರಿ ಬಂತು. ನಕ್ಷೆಯಲ್ಲಿ ಅದು ಮಂಗಳೂರಿನಿಂದಲೂ ಆಚೆ, ಕಡಲಿನಲ್ಲಿದೆ. ನಾನಿರುವುದು ಬೆಂಗಳೂರಿನಲ್ಲಿ. ತಪ್ಪು ಎಲ್ಲಾಯಿತು?

ಉತ್ತರ: ನಿಮ್ಮ ಗುಣಾಕಾರ, ಭಾಗಾಕಾರದಲ್ಲಿ ತಪ್ಪಿಲ್ಲ. ಭಾರತದ ಗಡಿಯಾರಗಳೆಲ್ಲ ಪೂರ್ವ ರೇಖಾಂಶ 82.5 ಡಿಗ್ರಿಗೆ, ಅಂದರೆ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ರೇಖೆಗೆ ಹೊಂದಿಸಿದವು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಬೆಂಗಳೂರು 77.6 ಡಿಗ್ರಿಯ ಆಸುಪಾಸಿನಲ್ಲಿದೆ. ಆ ರೇಖೆಗಿಂತ ಸುಮಾರು 4.9 ಡಿಗ್ರಿ ಪಶ್ಚಿಮಕ್ಕೆ. ಹಾಗಾಗಿ ನಮ್ಮ ನಡುಹಗಲು ಸರಾಸರಿ 12.20ಕ್ಕೆ ಬರಬೇಕು. ಈ ‘ಸರಾಸರಿ’ಯನ್ನು ಮರೆತದ್ದೇ ನಿಮ್ಮ ತಪ್ಪು.

ಗಡಿಯಾರ ವರ್ಷವಿಡೀ ಒಂದೇ ವೇಗದಲ್ಲಿ ನಡೆಯುತ್ತದೆ, ಸೂರ್ಯ ಹಾಗೆ ನಡೆಯುವುದಿಲ್ಲ. ಭೂಮಿಯ ಕಕ್ಷೆ ದೀರ್ಘವೃತ್ತವಾದ್ದರಿಂದ ಅದು ಜನವರಿಯಲ್ಲಿ ಚುರುಕಾಗಿಯೂ ಜುಲೈಯಲ್ಲಿ ನಿಧಾನವಾಗಿಯೂ ಸಾಗುತ್ತದೆ. ಅದರ ಅಕ್ಷ ಓರೆಯಾಗಿರುವುದರಿಂದ ಇನ್ನೊಂದು ಏರುಪೇರು ಸೇರಿಕೊಳ್ಳುತ್ತದೆ. ಎರಡೂ ಕೂಡಿ ಆಗುವ ವ್ಯತ್ಯಾಸಕ್ಕೆ ಕಾಲ ಸಮೀಕರಣ ಎಂದು ಹೆಸರು. ಫೆಬ್ರವರಿ 11ರ ಸುಮಾರಿಗೆ ಸೂರ್ಯ ಗಡಿಯಾರಕ್ಕಿಂತ 14 ನಿಮಿಷ 13 ಸೆಕೆಂಡ್ ಹಿಂದಿರುತ್ತಾನೆ. ನವೆಂಬರ್ 3ರ ಸುಮಾರಿಗೆ 16 ನಿಮಿಷಕ್ಕೂ ತುಸು ಹೆಚ್ಚು ಮುಂದಿರುತ್ತಾನೆ. ನೀವು ಅಳೆದದ್ದು ವರ್ಷದಲ್ಲೇ ಸೂರ್ಯ ಅತಿ ಹೆಚ್ಚು ತಡಮಾಡುವ ವಾರದಲ್ಲಿ. 12.34ರಿಂದ ಆ 14 ನಿಮಿಷ 13 ಸೆಕೆಂಡ್ ಕಳೆಯಿರಿ. ಉಳಿಯುವುದು 12 ಗಂಟೆ 19 ನಿಮಿಷ 47 ಸೆಕೆಂಡ್. ರೇಖಾಂಶ 77.55 ಡಿಗ್ರಿ. ಮನೆಗೆ ಮರಳಿದಿರಿ. ಇದೇ ಪ್ರಯೋಗವನ್ನು ನವೆಂಬರ್ ಮೊದಲ ವಾರದಲ್ಲಿ ಮಾಡಿ ಇದೇ ತಪ್ಪನ್ನು ಮಾಡಿದ್ದರೆ ನಡುಹಗಲು 12.03ಕ್ಕೇ ಬಂದು, ನಿಮ್ಮ ತಾರಸಿ ಚೆನ್ನೈ ದಾಟಿ ಬಂಗಾಳ ಕೊಲ್ಲಿಯಲ್ಲಿ ತೇಲುತ್ತಿತ್ತು.

ಪ್ರಶ್ನೆ ಇಲ್ಲಿಗೆ ಮುಗಿಯಿತು ಎನ್ನಬಹುದಿತ್ತು. ಆದರೆ ನನಗೆ ಆ 12.34ರ ಮೇಲೆಯೇ ಅನುಮಾನ. ಅದು ಸರಿಯಾಗಿ ಬಂದದ್ದು ಅದೃಷ್ಟದಿಂದ. ಏಕೆಂದರೆ ‘ಅತಿ ಚಿಕ್ಕ ನೆರಳು’ ಯಾವ ಕ್ಷಣದ್ದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ.

ಫೆಬ್ರವರಿ 11ರಂದು ಬೆಂಗಳೂರಿನಲ್ಲಿ ಒಂದು ಮೀಟರ್ ಎತ್ತರದ ಕೋಲಿನ ನಡುಹಗಲಿನ ನೆರಳು ಸುಮಾರು 51 ಸೆಂಟಿಮೀಟರ್. ಅದಕ್ಕೆ ಹತ್ತು ನಿಮಿಷ ಮೊದಲು ನೋಡಿದರೂ, ಹತ್ತು ನಿಮಿಷ ಬಿಟ್ಟು ನೋಡಿದರೂ ಉದ್ದದಲ್ಲಿ ಆಗುವ ವ್ಯತ್ಯಾಸ ಎರಡೂವರೆ ಮಿಲಿಮೀಟರ್ ಮಾತ್ರ. ಸೂರ್ಯನೋ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ತುದಿ ಚೂಪಾಗಿ ಮುಗಿಯದೆ, ಒಂದು ಸೆಂಟಿಮೀಟರಿನಷ್ಟು ಅರೆನೆರಳಾಗಿ ಕರಗುತ್ತದೆ. ಆ ಮಸುಕಿನೊಳಗೆ ಎರಡೂವರೆ ಮಿಲಿಮೀಟರ್ ಹುಡುಕುವವರು ತಮಗೆ ಬೇಕಾದ ಹೊತ್ತನ್ನೇ ಕಾಣುತ್ತಾರೆ. ಹತ್ತು ನಿಮಿಷ ತಪ್ಪಿದರೆ ಎರಡೂವರೆ ಡಿಗ್ರಿ ತಪ್ಪಿದಂತೆ, ಅಂದರೆ 270 ಕಿಲೋಮೀಟರ್.

ಇದರಿಂದ ಪಾರಾಗುವ ಉಪಾಯ ಬಹಳ ಹಳೆಯದು. ಸೂರ್ಯಸಿದ್ಧಾಂತವೆಂಬ ಹಳೆಯ ಖಗೋಳ ಗ್ರಂಥದ ತ್ರಿಪ್ರಶ್ನಾಧಿಕಾರ ಎಂಬ ಅಧ್ಯಾಯದಲ್ಲಿ ಹನ್ನೆರಡು ಅಂಗುಲದ ಶಂಕುವನ್ನು, ಅಂದರೆ ನೆರಳು ಅಳೆಯುವ ಕೋಲನ್ನು ನಿಲ್ಲಿಸಿ, ಸುತ್ತ ವೃತ್ತ ಎಳೆದು, ನೆರಳಿನ ತುದಿ ಬೆಳಿಗ್ಗೆ ವೃತ್ತದೊಳಕ್ಕೆ ಬರುವ ಜಾಗವನ್ನೂ ಮಧ್ಯಾಹ್ನದ ಮೇಲೆ ಹೊರಹೋಗುವ ಜಾಗವನ್ನೂ ಗುರುತಿಸಲು ಹೇಳಿದೆ. ಅಲ್ಲಿ ಅದು ಪೂರ್ವ-ಪಶ್ಚಿಮ ದಿಕ್ಕನ್ನು ಕಂಡುಹಿಡಿಯಲು. ನಾವು ಆ ಎರಡು ಜಾಗಗಳ ಬದಲು ಎರಡು ಹೊತ್ತುಗಳನ್ನು ಬರೆದುಕೊಂಡರೆ ಸಾಕು. ಅವುಗಳ ನಟ್ಟನಡುವಿನ ಹೊತ್ತೇ ನಡುಹಗಲು. ನಡುಹಗಲಿಗೆ ಎರಡು ಗಂಟೆ ಮೊದಲು ನಮ್ಮ ಒಂದು ಮೀಟರ್ ಕೋಲಿನ ನೆರಳು ನಿಮಿಷಕ್ಕೆ ಐದೂವರೆ ಮಿಲಿಮೀಟರ್ ವೇಗದಲ್ಲಿ ಕುಗ್ಗುತ್ತಿರುತ್ತದೆ. ಅದು ವೃತ್ತ ದಾಟುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ನಾನು ಮಾಡಿದ್ದು ಹೀಗೆ. ಬಕೆಟ್‌ನಲ್ಲಿ ಒದ್ದೆ ಮರಳು ತುಂಬಿ ಬಿದಿರಿನ ಕೋಲು ನಿಲ್ಲಿಸಿದೆ. ಕೋಲಿನ ತಲೆಗೆ ಐದು ಮಿಲಿಮೀಟರ್ ತೂತಿರುವ ರಟ್ಟನ್ನು ಅಡ್ಡಲಾಗಿ ಕಟ್ಟಿದೆ. ಈಗ ನೆಲದ ಮೇಲೆ ಮಸುಕು ತುದಿಯ ಬದಲು, ರಟ್ಟಿನ ನೆರಳಿನ ನಡುವೆ ಒಂದೂವರೆ ಸೆಂಟಿಮೀಟರಿನ ಬೆಳಕಿನ ಚುಕ್ಕೆ ಬೀಳುತ್ತದೆ. ಅದರ ಮಧ್ಯವನ್ನು ಒಂದು ಮಿಲಿಮೀಟರಿಗೆ ಗುರುತಿಸಬಹುದು. ತೂತಿನಿಂದ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು, ಅದು ಮುಟ್ಟಿದ ಜಾಗವನ್ನೇ ವೃತ್ತಗಳ ಕೇಂದ್ರ ಮಾಡಿದೆ. ಹೀಗೆ ಮಾಡಿದರೆ ಕೋಲು ಸೊಟ್ಟಗಿದ್ದರೂ ಚಿಂತೆಯಿಲ್ಲ. ಕೋಲಿನ ಬುಡವನ್ನೇ ಕೇಂದ್ರ ಎಂದುಕೊಂಡವರು ಮಾತ್ರ ಸೊಟ್ಟತನದ ದಂಡ ತೆರುತ್ತಾರೆ.

ಬೆಂಗಳೂರಿನಲ್ಲಿ ನಿಜವಾಗಿ ಕೈಕೊಡುವುದು ತಾರಸಿ. ಮಳೆನೀರು ಹರಿದುಹೋಗಲೆಂದು ಅದನ್ನು ಒಂದು ಮೂಲೆಗೆ ಇಳಿಜಾರಾಗಿಯೇ ಕಟ್ಟಿರುತ್ತಾರೆ. ಕಣ್ಣಿಗೆ ಅದು ಸಮತಟ್ಟು. ಆದರೆ ಮೀಟರಿಗೆ ಒಂದು ಸೆಂಟಿಮೀಟರ್ ಪಶ್ಚಿಮಕ್ಕೆ ಇಳಿದಿದ್ದರೂ ಬೆಳಗಿನ ನೆರಳು ಉದ್ದವಾಗುತ್ತದೆ, ಮಧ್ಯಾಹ್ನದ್ದು ಗಿಡ್ಡವಾಗುತ್ತದೆ. ಎರಡು ತಪ್ಪೂ ಒಂದೇ ಕಡೆಗೆ ಎಳೆದು, ನಡುಹಗಲನ್ನು ಸುಮಾರು ಒಂದು ನಿಮಿಷ ತಡ ಮಾಡುತ್ತವೆ. ನಮ್ಮ ಅಕ್ಷಾಂಶದಲ್ಲಿ ಒಂದು ನಿಮಿಷ ಎಂದರೆ 27 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಹೊಸಕೋಟೆ ದಾಟಿದಷ್ಟು ದೂರ. ಮೊದಲ ಸಲ ನಾನೂ ಇದರಲ್ಲಿ ಸಿಕ್ಕಿಬಿದ್ದೆ. ಸುಳಿವು ಕೊಟ್ಟದ್ದು ವೃತ್ತಗಳೇ. ಕೇವಲ ಒಂದು ವೃತ್ತ ಎಳೆದಿದ್ದರೆ ತಪ್ಪು ತಿಳಿಯುತ್ತಲೇ ಇರಲಿಲ್ಲ. ಐದಾರು ಎಳೆದಿದ್ದೆ; ಒಳಗಿನ ಚಿಕ್ಕ ವೃತ್ತದಿಂದ ಹೊರಗಿನ ದೊಡ್ಡ ವೃತ್ತದ ಕಡೆಗೆ ಹೋದಂತೆಲ್ಲ ನಡುಹಗಲು ತಪ್ಪದೆ ತಡವಾಗುತ್ತ ಹೋಯಿತು. ಕೈತಪ್ಪಿನಿಂದ ಬರುವ ವ್ಯತ್ಯಾಸ ಅತ್ತಿತ್ತ ಚೆದುರುತ್ತದೆ. ಹೀಗೆ ಒಂದೇ ದಿಕ್ಕಿಗೆ ಸರಿಯುವುದು ಇಳಿಜಾರಿನ ಗುರುತು.

ಎರಡನೆಯ ಸಲ ಒಂದು ಹಳೆಯ ಬಾಗಿಲನ್ನು ಪೂರ್ವ-ಪಶ್ಚಿಮವಾಗಿ ಮಲಗಿಸಿ, ಕೆಳಗೆ ರಟ್ಟಿನ ಚೂರು ಕೊಟ್ಟು, ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿದೆ. ಕೇಂದ್ರ ಬಾಗಿಲಿನ ದಕ್ಷಿಣದ ಅಂಚಿನ ನಡುವೆ. ಫೆಬ್ರವರಿಯಲ್ಲಿ ಚುಕ್ಕೆಯು ಬಹುಮಟ್ಟಿಗೆ ನೇರ ಗೆರೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನಡೆಯುತ್ತದೆ, ಹಾಗಾಗಿ ಇಡೀ ವೃತ್ತಕ್ಕೆ ಜಾಗ ಬೇಕಿಲ್ಲ. ಆರೂವರೆ ಅಡಿ ಬಾಗಿಲಿನ ಮೇಲೆ ಮೂರು ಕಂಸಗಳು ಹಿಡಿಸಿದವು.

ಫೆಬ್ರವರಿ 11, ಬಸವನಗುಡಿ. 110 ಸೆಂಟಿಮೀಟರಿನ ಕಂಸವನ್ನು ಚುಕ್ಕೆ ಬೆಳಿಗ್ಗೆ 9:55:20ಕ್ಕೆ ದಾಟಿತು, ಮಧ್ಯಾಹ್ನ 3:12:50ಕ್ಕೆ ಮತ್ತೆ ದಾಟಿತು. ನಡುವಿನ ಹೊತ್ತು 12:34:05. 85 ಸೆಂಟಿಮೀಟರಿನದನ್ನು 10:32:40ಕ್ಕೆ ಮತ್ತು 2:35:10ಕ್ಕೆ, ನಡು 12:33:55. 65 ಸೆಂಟಿಮೀಟರಿನದನ್ನು 11:17:50ಕ್ಕೆ ಮತ್ತು 1:50:50ಕ್ಕೆ, ನಡು 12:34:20. ಮೂರೂ ಚೆದುರಿವೆ, ಒಂದೇ ಕಡೆಗೆ ಸರಿದಿಲ್ಲ. ಬಾಗಿಲು ಮಟ್ಟವಾಗಿದೆ ಎಂದುಕೊಂಡೆ. ಸರಾಸರಿ 12:34:07. ಕಾಲ ಸಮೀಕರಣದ 14:13 ಕಳೆದರೆ 12:19:54. ಹನ್ನೆರಡು ಗಂಟೆಯ ಮೇಲಿನ 19.9 ನಿಮಿಷವನ್ನು ನಾಲ್ಕರಿಂದ ಭಾಗಿಸಿದರೆ ಹತ್ತಿರಹತ್ತಿರ 4.98 ಡಿಗ್ರಿ. 82.5ರಿಂದ ಕಳೆದರೆ 77.52.

ಬಸವನಗುಡಿ ಇರುವುದು 77.57ರಲ್ಲಿ. ನನ್ನ ಕೋಲು ನನ್ನನ್ನು ಸುಮಾರು ಐದು ಕಿಲೋಮೀಟರ್ ಪಶ್ಚಿಮಕ್ಕೆ, ನಾಯಂಡಹಳ್ಳಿಯ ಕಡೆಗೆ ಕಳಿಸಿತು. ಇದರಲ್ಲಿ ಆರು ಸೆಕೆಂಡಿನ ತಪ್ಪು ಆಕಾಶದ್ದು: ಫೆಬ್ರವರಿಯಲ್ಲಿ ಸೂರ್ಯ ದಿನದಿನಕ್ಕೂ ಉತ್ತರಕ್ಕೆ ಸರಿಯುತ್ತಿರುತ್ತಾನೆ, ಬೆಳಗಿನ ಎತ್ತರವನ್ನು ಮಧ್ಯಾಹ್ನ ತುಸು ತಡವಾಗಿ ಮುಟ್ಟುತ್ತಾನೆ. ಉಳಿದದ್ದು ನನ್ನ ಕಣ್ಣಿನದು. ಆದರೂ ಐದು ಕಿಲೋಮೀಟರನ್ನು ನನ್ನ ಜಾಣತನವೆಂದು ಹೇಳಿಕೊಳ್ಳಲಾರೆ. ಮೂರು ಅಳತೆಗಳ ನಡುವೆಯೇ 25 ಸೆಕೆಂಡಿನ, ಅಂದರೆ 11 ಕಿಲೋಮೀಟರಿನ ಅಂತರವಿದೆ. ಹತ್ತು ಕಿಲೋಮೀಟರ್ ಆಚೀಚೆ ಎಂದರೆ ಪ್ರಾಮಾಣಿಕ ಉತ್ತರ.

ಇನ್ನೊಂದು ಮಾತು. ಕೋಲೊಂದೇ ರೇಖಾಂಶ ಹೇಳುವುದಿಲ್ಲ. ಅದು ಹೇಳುವುದು ನಿಮ್ಮೂರಿನ ನಡುಹಗಲನ್ನು ಮಾತ್ರ. ಇನ್ನೊಂದು ಊರಿನ ಹೊತ್ತನ್ನು ಮೊಬೈಲ್ ಹೊತ್ತು ತರುತ್ತದೆ. ಮೊಬೈಲ್ ನೆಟ್‌ವರ್ಕ್‌ನಿಂದ ಸಮಯ ಪಡೆಯುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಗೋಡೆ ಗಡಿಯಾರ ಎರಡು ನಿಮಿಷ ಮುಂದಿದ್ದರೆ, ಎಷ್ಟೇ ಎಚ್ಚರದಿಂದ ಅಳೆದರೂ ಅರ್ಧ ಡಿಗ್ರಿ ಪಶ್ಚಿಮಕ್ಕೆ ಹೋಗುತ್ತೀರಿ.

ಮತ್ತೆ ಪ್ರಯತ್ನಿಸುವುದಾದರೆ ಏಪ್ರಿಲ್ 24ರ ಸುಮಾರಿನ ಶೂನ್ಯ ನೆರಳಿನ ದಿನವನ್ನು ಹಿಡಿಯಿರಿ. ಅಂದು ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆಯೇ ಹಾಯುತ್ತಾನೆ. ನಡುಹಗಲಿನ ಸುತ್ತ ನೆರಳು ನಿಂತಂತೆ ಕಾಣದೆ, ನಿಮಿಷಕ್ಕೆ ನಾಲ್ಕು ಮಿಲಿಮೀಟರಿಗೂ ಹೆಚ್ಚು ಓಡುತ್ತದೆ. ಬೆಳಕಿನ ಚುಕ್ಕೆ ತೂಗುಗುಂಡಿನ ಗುರುತಿನ ಮೇಲೆ ಬಂದ ಕ್ಷಣವೇ ನಡುಹಗಲು, ವೃತ್ತಗಳ ಗೊಡವೆಯಿಲ್ಲ. ಗಡಿಯಾರದಲ್ಲಿ ಆಗ 12.17 ದಾಟಿ 12.18 ಆಗುತ್ತಿರುತ್ತದೆ, ಏಕೆಂದರೆ ಸೂರ್ಯ ಎರಡು ನಿಮಿಷಕ್ಕೆ ತುಸು ಕಡಿಮೆ ಮುಂದಿರುತ್ತಾನೆ. ಅಷ್ಟನ್ನು ಕೂಡಿಸಲು ಮರೆತರೂ ಈ ಸಲ ಸಮುದ್ರಕ್ಕೆ ಬೀಳುವುದಿಲ್ಲ. ಕೋಲಾರಕ್ಕೆ ತುಸು ಈಚೆ ಇಳಿಯುತ್ತೀರಿ.